ಎರಡರಿಂದ ನಾಲ್ಕರ ಪಾಳಿ

ನನ್ನನ್ನು ಜೋರಿನ ಹೆಂಗಸು ಎನ್ನುತ್ತಾರೆ. ಅನ್ನಲಿ. ಗುರು ಗ್ರಂಥ ಸಾಹಿಬವನ್ನು ಎರಡು ದಿನ ಒಂದು ಕ್ಷಣವೂ ನಿಲ್ಲಿಸದೆ ಓದುವ ಅಖಂಡ ಪಾಠ ಮೂರು ಕೋಣೆಯ ಮನೆಯಲ್ಲಿ ನಡೆಯಬೇಕೆಂದರೆ ಯಾರಾದರೊಬ್ಬರು ಜೋರು ಮಾಡಲೇಬೇಕು.

ಅದು ಅಪ್ಪನ ಆಸೆ. ಶ್ವಾಸಕೋಶ ಕೈಕೊಟ್ಟು, ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. "ಗುರುಗಳು ಮನೆಗೆ ಬರ್ಲಿ. ನಿಮ್ಮ ಬಾಯಲ್ಲೇ ಕೇಳ್ಬೇಕು," ಎಂದರು ಅಪ್ಪ. ಸಿಖ್ಖರಾದ ನಮಗೆ ಆ ಗ್ರಂಥವೇ ಗುರು. ನನ್ನ ಆಸೆಯೂ ಒಂದೇ ಇತ್ತು: ಕೊನೆಯ ಹೊತ್ತಿಗೆ ಅವರ ಪಕ್ಕದಲ್ಲಿರಬೇಕು. ಅಮ್ಮ ಹೋದಾಗ ನಾನು ಹೊಲಿಗೆ ಅಂಗಡಿಯಲ್ಲಿ ಯಾರದೋ ಕೋಟಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಆ ಸಂಕಟ ಇನ್ನೂ ಎದೆಯೊಳಗೇ ಇದೆ.

ಹಜಾರದ ಸಾಮಾನೆಲ್ಲ ಹೊರಗೆ ಹಾಕಿ, ನೆಲ ಒರೆಸಿ, ಬಿಳಿ ಬಟ್ಟೆ ಹಾಸಿ, ಗ್ರಂಥವಿಡುವ ಪೀಠದ ಮೇಲೆ ಚಪ್ಪರದಂತೆ ಬಟ್ಟೆ ಕಟ್ಟಿದೆವು. ಎರಡೆರಡು ಗಂಟೆಯ ಪಾಳಿಗಳ ಪಟ್ಟಿಯನ್ನು ನಾನೇ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಓದುವವರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ತಲೆ ಮುಚ್ಚಿಕೊಂಡು, ಕಾಲು ತೊಳೆದು ಬರಬೇಕು. ಮುಂದಿನವರು ಪಕ್ಕದಲ್ಲಿ ಕೂತು ಅದೇ ಸಾಲಿಗೆ ದನಿ ಸೇರಿಸಿದ ಮೇಲೆಯೇ ಹಿಂದಿನವರು ನಿಲ್ಲಿಸಿ ಏಳಬೇಕು. ನಡುವೆ ಒಂದು ಬೇರೆ ಮಾತೂ ಆಡುವಂತಿಲ್ಲ.

"ಮನೇಲಿ ಯಾವಾಗ್ಲೂ ಒಬ್ರು ಹೆಚ್ಚಿಗೆ ಓದೋರು ಸ್ನಾನ ಮುಗಿಸಿ ಕೂತಿರ್ಲಿ ಮಗಳೇ," ಎಂದು ಗುರುದ್ವಾರದಲ್ಲಿ ಗ್ರಂಥ ಓದುವ ಹಿರಿಯರು, ಗ್ರಂಥಿಗಳು, ಹೇಳಿದ್ದರು. ಆ ಕೆಲಸಕ್ಕೆ ನಮ್ಮ ಬಡಗಿ ಚಿಕ್ಕಪ್ಪನನ್ನು ಕರೆಸಿದ್ದೆ. ಒಳ್ಳೆಯ ಓದು ಅವರದು, ಆದರೆ ಬಾಯಿಗೆ ಬೀಗವಿಲ್ಲ. ಎರಡನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಮಂಚದ ಅಳತೆ ಕೂಗಿ ಹೇಳುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ಚಿಕ್ಕಪ್ಪ, ಇದು ನಿಮ್ಮ ಕಾರ್ಖಾನೆ ಅಲ್ಲ. ಮನೆಗೆ ಹೋಗಿ. ನಾವು ನೋಡ್ಕೋತೀವಿ," ಎಂದೆ.

"ಸರಿ ತಾಯಿ," ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಎರಡು ಗಂಟೆಗೆ ನಾನು ಓದಲು ಕೂತೆ. ಪಕ್ಕದಲ್ಲಿ ನಿಂತು ಗ್ರಂಥಕ್ಕೆ ಚೌರಿ ಬೀಸುತ್ತಿದ್ದವಳು ತಮ್ಮನ ಹೆಂಡತಿ; ಅವಳಿಗೆ ಗ್ರಂಥದ ಗುರುಮುಖಿ ಲಿಪಿ ಓದಲು ಬರುವುದಿಲ್ಲ. ನಾಲ್ಕರ ಪಾಳಿ ಲಾರಿ ಓಡಿಸುವ ನನ್ನ ತಮ್ಮನದು. ಅವನು ಪಕ್ಕದ ಕೋಣೆಯಲ್ಲಿ ಸೋದರತ್ತೆಯ ಜೊತೆ ಅಪ್ಪನನ್ನು ನೋಡಿಕೊಳ್ಳುತ್ತಿದ್ದ. ನಡುವೆ ಒಂದು ಪರದೆ, ಅಷ್ಟೇ. ಓದುವ ಉಳಿದವರು ತಮ್ಮ ಪಾಳಿ ಮುಗಿಸಿ ಮನೆಗೆ ಹೋಗಿದ್ದರು.

ಮೂರೂಕಾಲಿನ ಹೊತ್ತಿಗೆ ಅಪ್ಪನ ಉಸಿರು ಬದಲಾಯಿತು. ಎಳೆದು, ನಿಂತು, ಮತ್ತೆ ಎಳೆಯಿತು. ನಾನು ಓದುತ್ತಿದ್ದೆ. ಅಪ್ಪ ಕಕ್ಕಿದ ಸದ್ದು ಕೇಳಿತು. "ಅಯ್ಯೋ, ನಿನ್ನ ಮೈಮೇಲೆಲ್ಲಾ ಆಯ್ತಲ್ಲೋ," ಎಂದರು ಅತ್ತೆ.

ತಮ್ಮ ಪರದೆ ಸರಿಸಿ ಇಣುಕಿದ. ಅಂಗಿಯೆಲ್ಲಾ ರಕ್ತ. ನಾನು ಓದುತ್ತಲೇ ಕಣ್ಣಿನಲ್ಲಿ ಕೇಳಿದೆ, ಬಾ, ಬೇಗ ಬಾ. ಅವನು ತನ್ನ ಕೈಗಳನ್ನು ತೋರಿಸಿದ. ಹಾಗೆ ಬಂದು ಗುರುಗಳ ಎದುರು ಕೂರುವುದು ಹೇಗೆ? ಬಚ್ಚಲಿಗೆ ಓಡಿದ. ಅವನ ಹೆಂಡತಿ ಚೌರಿ ಕೆಳಗಿಟ್ಟು, ಹೊರಗೆ ಹೋಗಿ ಬಡಗಿ ಚಿಕ್ಕಪ್ಪನಿಗೆ ಫೋನು ಮಾಡಿದಳು. ಮರಳಿ ಬಂದು ಇಲ್ಲವೆಂದು ತಲೆಯಾಡಿಸಿದಳು. ಅವರು ಊರಿನ ಆ ಕೊನೆಗೆ ಹೋಗಿಯಾಗಿತ್ತು.

ಬಚ್ಚಲಿನಲ್ಲಿ ನೀರು ಸುರಿಯುತ್ತಿತ್ತು. ತಂಬಿಗೆಯ ಮೇಲೆ ತಂಬಿಗೆ. ಸಾಕು ಕಣೋ, ಎಷ್ಟು ತೊಳೀತೀಯ ಎಂದು ಅರಚಬೇಕೆನಿಸಿತು. ಎದ್ದುಬಿಡಬಹುದಿತ್ತು, ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಆದರೆ ಅಪ್ಪನ ಕಿವಿಗೆ ಇನ್ನೂ ಓದು ಬೀಳುತ್ತಿದೆಯಲ್ಲ! ನಾನು ಎದ್ದರೆ, ಅವರಿಗಾಗಿ ಇಟ್ಟ ಪಾಠ ಅವರ ಕಿವಿಯಲ್ಲೇ ಮುರಿಯುತ್ತದೆ. ನನ್ನ ಕೈಲಿ ಆಗಿದ್ದು ಇಷ್ಟೇ: ದನಿ ಸ್ವಲ್ಪ ಏರಿಸಿದೆ. ಕಣ್ಣೀರು ಪುಟದ ಮೇಲೆ ಬೀಳದಂತೆ ತಲೆ ಹಿಂದಕ್ಕೆ ಸರಿಸಿ, ಸೆರಗಿನಲ್ಲಿ ಒರೆಸಿಕೊಂಡು, ಒಂದೊಂದೇ ಸಾಲು ಓದಿದೆ.

ಅಪ್ಪ ಏನೋ ಅಂದರು. ಅತ್ತೆ ಏನೋ ಉತ್ತರ ಕೊಟ್ಟರು. ನನ್ನದೇ ದನಿಯಲ್ಲಿ ನನಗೆ ಎರಡೂ ಸ್ಪಷ್ಟವಾಗಿ ಕೇಳಿಸಲಿಲ್ಲ.

ತಮ್ಮ ಬಂದ. ಒದ್ದೆ ಕೂದಲ ಮೇಲೆ ಪೇಟ ಸುತ್ತಿದ್ದ. ಪಕ್ಕದಲ್ಲಿ ಕೂತು ನನ್ನ ಬೆರಳಿದ್ದ ಸಾಲು ಹುಡುಕಿ ದನಿ ಸೇರಿಸಿದ. ಎರಡು ಸಾಲು ಜೊತೆಗೆ ಓದಿದೆವು. ನಾನು ನಿಲ್ಲಿಸಿದೆ, ಹಣೆ ನೆಲಕ್ಕೆ ಮುಟ್ಟಿಸಿದೆ, ಹಜಾರವನ್ನು ನಡೆದೇ ದಾಟಿದೆ.

ಅತ್ತೆ ಅಪ್ಪನ ಕಣ್ಣು ಮುಚ್ಚುತ್ತಿದ್ದರು.

"ಈಗಷ್ಟೇ," ಎಂದರು.

ಕೈ ಹಿಡಿದುಕೊಂಡೆ. ಇನ್ನೂ ಬೆಚ್ಚಗಿತ್ತು.

"ಅಪ್ಪ ಏನೋ ಅಂದ್ರಲ್ಲ ಅತ್ತೆ?"

ಅತ್ತೆ ಮುಖ ತಿರುಗಿಸಿದರು. "ನಿನ್ನನ್ನ ಕರಿ ಅಂದ್ರು ಕಣೆ. ಓದ್ತಾ ಇದ್ದಾಳೆ, ಏಳೋ ಹಾಗಿಲ್ಲ ಅಂದೆ."

"ಆಮೇಲೆ?"

"ಆಮೇಲೆ ಇನ್ನೊಂದ್ಸಲ ಕರಿ ಅಂದ್ರು."