ಹುಚ್ಚವ್ವನ ಬೆರಳು, ಕಾಳಪ್ಪನ ಕಣ್ಣು

ಸತ್ತವರ ಫೋಟೊ ನೋಡಿ ನಮ್ಮ ಅತ್ತೆ ಹುಚ್ಚವ್ವ ನಕ್ಕರು ಎಂದು ಇಡೀ ಬಳಗ ಆಡಿಕೊಳ್ಳುತ್ತಿತ್ತು. ನಕ್ಕಿದ್ದು ಅತ್ತೆಯಲ್ಲ, ಅವರ ಫೋನು. ಆದರೆ ಆಲಮೇಲದ ಈ ಸೊಸೆ ಸುರೇಖಾ ಹೇಳಿದರೆ ಕೇಳುವವರು ಯಾರು?

ಆಗಿದ್ದು ಇಷ್ಟು. ಅತ್ತೆಯ ತಮ್ಮ ಕಾಳಪ್ಪ ಮಾವ ಇರುವುದು ತಾಂಬಾದಲ್ಲಿ. ಅವನ ಹೆಂಡತಿ ನೀಲವ್ವನ ತಾಯಿ ಹೂವಿನ ಹಿಪ್ಪರಗಿಯಲ್ಲಿ ತೀರಿಕೊಂಡರು. ಮಾವ ಹಾರ ಹಾಕಿದ ಫೋಟೊವನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಎಲ್ಲರೂ ಕೈ ಮುಗಿದರು, ಅಳುವ ಮುಖ ಒತ್ತಿದರು. ಅವುಗಳ ನಡುವೆ ಒಂದೇ ಒಂದು ಮುಖ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಮುಟ್ಟಿ ನೋಡಿದರೆ ಹುಚ್ಚವ್ವನ ಹೆಸರು. ಅದನ್ನು ತೆಗೆಯಲು ಹೋಗಿ ಅತ್ತೆ ಹೆಬ್ಬೆರಳಿನ ಚಿತ್ರ ಒತ್ತಿ ಶಭಾಸ್ ಅಂದುಬಿಟ್ಟರು. ನೀಲವ್ವ ಅದನ್ನೂ ನೋಡಿದಳು.

ಅವತ್ತಿನಿಂದ ಮಾವ ಅಕ್ಕನ ಫೋನು ಎತ್ತುತ್ತಿಲ್ಲ. ನಾಗರ ಪಂಚಮಿ ಹತ್ತಿರ ಬಂದಿತ್ತು. ಪ್ರತಿ ವರ್ಷ ಅವನೇ ಬಂದು ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗುತ್ತಿದ್ದ. ಅತ್ತೆಗೆ ತವರು ಅಂತ ಉಳಿದಿರುವವನು ಅವನೊಬ್ಬನೇ. ಈ ಸಲ ಅವನು ಬರುವುದಿಲ್ಲ ಎಂದು ಅತ್ತೆ ದಿನಾ ಹೇಳುತ್ತಿದ್ದರು, ದಿನಾ ಬಾಗಿಲ ಕಡೆಯೇ ನೋಡುತ್ತಿದ್ದರು. ನನಗೆ ಪಾಪ ಅನಿಸುತ್ತಿತ್ತು. ಸಿಟ್ಟೂ ಬರುತ್ತಿತ್ತು, ಯಾಕೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು.

ಒಂದು ದಿನ ಪಕ್ಕದಲ್ಲೇ ಕೂತು ಅವರು ಫೋನು ನೋಡುವ ರೀತಿಯನ್ನು ಗಮನಿಸಿದೆ. ಅವರ ಕೈ ವರ್ಷದಿಂದ ನಡುಗುತ್ತದೆ. ಸಿಂದಗಿಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಆದರೂ ಚಹಾ ಅರ್ಧ ಬಟ್ಟಲಲ್ಲಿ, ಅರ್ಧ ಸೀರೆಯ ಮೇಲೆ. ಗುರಿ ತಪ್ಪಬಾರದು ಎಂದು ಅವರು ಬೆರಳನ್ನು ಫೋಟೊದ ಮೇಲೆ ಊರಿ ಹಾಗೇ ಇಡುತ್ತಿದ್ದರು. ಫೋನು ಅದನ್ನು ಒತ್ತಿ ಹಿಡಿದದ್ದು ಎಂದು ತಿಳಿದು ನಗುವ, ಅಳುವ ಮುಖಗಳ ಸಾಲನ್ನು ಮುಂದೆ ತಂದಿಡುತ್ತಿತ್ತು. ಬೆರಳು ಇನ್ನೊಮ್ಮೆ ನಡುಗಿದರೆ ಸಿಕ್ಕ ಮುಖಕ್ಕೆ ತಾಗುತ್ತಿತ್ತು. ಎಂಥಾ ಅವಸರದ ಫೋನಪ್ಪಾ ಇದು!

ಸೆಟ್ಟಿಂಗ್ಸ್‌ನಲ್ಲಿ ಕೈ, ಕಣ್ಣಿನ ತೊಂದರೆ ಇರುವವರಿಗೆಂದೇ ಇರುವ ಆಕ್ಸೆಸಿಬಿಲಿಟಿ ತೆಗೆದು ಹುಡುಕಿದೆ. ಎಷ್ಟು ಹೊತ್ತು ಬೆರಳಿಟ್ಟರೆ ಒತ್ತಿ ಹಿಡಿದಂತೆ ಎಂದು ಅಲ್ಲಿ ಹೇಳಿಕೊಡಬಹುದು. ಕಡಿಮೆ ಇದ್ದದ್ದನ್ನು ದೀರ್ಘಕ್ಕೆ ಇಟ್ಟೆ. ಕೈಯ ನಡುಕ ನಿಲ್ಲಲಿಲ್ಲ, ಆದರೆ ಫೋನಿಗೆ ಸ್ವಲ್ಪ ತಾಳ್ಮೆ ಬಂತು. ಈಗ ಅತ್ತೆ ಬೆರಳು ಊರಿ ತೆಗೆದರೆ ಫೋಟೊ ಸುಮ್ಮನೆ ತೆರೆಯುತ್ತಿತ್ತು. ಇದನ್ನು ಫೋನಿನಲ್ಲಿ ಹೇಳಿದರೆ ಮಾವ ನಂಬುವ ಪೈಕಿ ಅಲ್ಲ. ಅತ್ತೆಯನ್ನು ಎಬ್ಬಿಸಿ ತಾಂಬಾದ ಬಸ್ಸು ಹತ್ತಿಸಿದೆ.

ಬಸ್ಸಿನಲ್ಲಿ ಅತ್ತೆ ಇನ್ನೊಂದು ಗುಟ್ಟು ಹೇಳಿದರು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು. ಕಾಳಪ್ಪ ಮಾವನದು ಲಿಂಬೆ ತೋಟ. ಹಸಿರು ಕಾಯಿ ದೂರದ ಊರಿಗೆ, ಹಳದಿಗೆ ತಿರುಗಿದ್ದು ಹತ್ತಿರದ ಸಂತೆಗೆ. ಆದರೆ ಮಾವನ ಕಣ್ಣಿಗೆ ಎರಡೂ ಹುಟ್ಟಿನಿಂದ ಒಂದೇ. ದಿನಾ ರಾಶಿಯ ಫೋಟೊ ಅಕ್ಕನಿಗೆ ಕಳಿಸಿ ಇದು ಯಾವ ಬಣ್ಣ ಎಂದು ಕೇಳುತ್ತಿದ್ದ. ಅಕ್ಕ ಹೇಳುತ್ತಿದ್ದರು. ಹೆಂಡತಿಗೂ ಈ ಸುದ್ದಿ ಗೊತ್ತಿಲ್ಲ. ಜಗಳವಾದ ಮೇಲೆ ಫೋಟೊ ಬಂದೇ ಇಲ್ಲ.

ನಾವು ಹೋದಾಗ ಮಾವ ಅಂಗಳದಲ್ಲಿ ರಾಶಿಯ ಮುಂದೆ ಕೂತಿದ್ದ. ಫೋನಿನಲ್ಲಿ ಇಂಡಿ ಊರಿನ ವ್ಯಾಪಾರಿ ಶಮಶುದ್ದೀನ ಸಾಹೇಬರು ಬೈಯುವುದು ನಮಗೂ ಕೇಳಿಸುತ್ತಿತ್ತು. ಹಸಿರು ಕಾಯಿಯ ಚೀಲದಲ್ಲಿ ಮಾವ ಹಳದಿ ಬೆರೆಸಿ ಕಳಿಸಿದ್ದನಂತೆ. ನಮ್ಮನ್ನು ನೋಡಿ ಮಾವ ಮುಖ ತಿರುವಿದ. ನೀಲವ್ವ ನೀರಿನ ತಂಬಿಗೆಯನ್ನು ನೆಲಕ್ಕೆ ಕುಕ್ಕಿ ಇಟ್ಟಳು.

"ಮಾವಾರ, ಸಿಟ್ಟು ಆಮ್ಯಾಲ ಮಾಡ್ರಿ. ಮೊದಲ ಇದನ್ನ ನೋಡ್ರಿ," ಎಂದು ನಾನು ಅತ್ತೆಯ ಫೋನನ್ನು ಮೊದಲಿದ್ದ ಹಾಗೆ ಕಡಿಮೆಗೆ ಇಟ್ಟೆ. ನಾನೇ ಕಳಿಸಿದ್ದ ನಮ್ಮ ಎಮ್ಮೆಯ ಫೋಟೊ ತೆರೆಯಲು ಅತ್ತೆಗೆ ಹೇಳಿದೆ. ಬೆರಳು ಊರಿದರು, ಮುಖಗಳ ಸಾಲು ಬಂತು, ಕೈ ನಡುಗಿತು, ಎಮ್ಮೆಗೆ ಕೆಂಪು ಹೃದಯ ಅಂಟಿಕೊಂಡಿತು. ಅದನ್ನು ತೆಗೆದು ಇನ್ನೊಮ್ಮೆ ಮಾಡಿಸಿದೆ. ಎಮ್ಮೆಯನ್ನು ನೋಡಿ ಒಂದು ಮುಖ ಗೊಳೋ ಎಂದು ಅತ್ತಿತು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಹೊರಗೆ ಬಂತು. ಆಮೇಲೆ ದೀರ್ಘಕ್ಕೆ ಇಟ್ಟೆ. ಎಮ್ಮೆ ಮಾತ್ರ ಪರದೆ ತುಂಬ ಬಂದು ನಿಂತಿತು.

ಮಾವ ಎಮ್ಮೆಯನ್ನು ನೋಡುತ್ತಿರಲಿಲ್ಲ. ಅಕ್ಕನ ಕೈಯನ್ನು ನೋಡುತ್ತಿದ್ದ.

"ಕೈಗೆ ಏನಾಗೇತಿ ಅಕ್ಕಾ? ನನಗ್ಯಾಕ ಹೇಳಲಿಲ್ಲ?"

"ನೀ ನಿನ್ನ ಕಣ್ಣಿಂದು ನೀಲವ್ವಗ ಹೇಳೀಯೇನು?"

ಹೇಳಿದ ಮೇಲೆ ಅತ್ತೆ ನಾಲಿಗೆ ಕಚ್ಚಿಕೊಂಡರು. ನನ್ನಿಂದ ಆಣೆ ಹಾಕಿಸಿಕೊಂಡವರು ತಾವೇ ಹೇಳಿಬಿಟ್ಟಿದ್ದರು! ನೀಲವ್ವ ಬಿಡುವವಳಲ್ಲ, ಕೇಳಿ ಕೇಳಿ ಬಾಯಿ ಬಿಡಿಸಿದಳು. ಮಾವ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಹಿಂದೊಮ್ಮೆ ಅವಳು ಗಿಳಿಹಸಿರು ಸೀರೆ ಕೇಳಿದರೆ ಕಿತ್ತಳೆ ಬಣ್ಣದ್ದು ತಂದಿದ್ದನಂತೆ. ಬೇಕಂತಲೇ ತಂದಿದ್ದಾನೆಂದು ಅವಳು ಇಷ್ಟು ವರ್ಷ ಅದನ್ನು ಉಟ್ಟೇ ಇರಲಿಲ್ಲ. ಗಂಡನಿಗೆ ನಾಲ್ಕು ಮಾತು ಬೈದು, ಅತ್ತೆಯ ಹತ್ತಿರ ಬಂದು ಕೂತಳು.

ನನ್ನ ಕೈ ಸುಮ್ಮನಿರುತ್ತದೆಯೇ? ಮಾವನ ಫೋನು ತೆಗೆದುಕೊಂಡೆ. ಅದೇ ಆಕ್ಸೆಸಿಬಿಲಿಟಿಯಲ್ಲಿ ಬಣ್ಣ ತಿದ್ದುಪಡಿ ಎಂದಿದೆ. ಕೆಂಪು-ಹಸಿರು ಗುರುತಿಸಲಾಗದವರಿಗೆ ಅಲ್ಲಿ ಎರಡು ಬಗೆ; ಅಂಥವರಿಗೆ ಹಸಿರು, ಹಳದಿಯೂ ಒಂದೇ ಆಗಿ ಕಾಣಬಹುದು. ಕ್ಯಾಮೆರಾವನ್ನು ರಾಶಿಗೆ ಹಿಡಿದು ಒಂದೊಂದಾಗಿ ಹಾಕಿ ತೋರಿಸಿದೆ. ಮೊದಲನೆಯದಕ್ಕೆ ಮಾವ ತಲೆ ಅಲ್ಲಾಡಿಸಿದ. ಎರಡನೆಯದಕ್ಕೆ ಎದ್ದು ನಿಂತ. ಒಂದೇ ಆಗಿದ್ದ ರಾಶಿಯಲ್ಲಿ ಕೆಲವು ಕಾಯಿ ಬೇರೆಯಾಗಿ ಕಾಣುತ್ತಿದ್ದವು. ನನ್ನ ಕಣ್ಣಿಗೆ ಮಾತ್ರ ಪರದೆಯ ಬಣ್ಣಗಳೆಲ್ಲ ವಿಚಿತ್ರವಾಗಿದ್ದವು. ಇದು ಪರದೆಯೊಳಗಿನ ಆಟ ಅಷ್ಟೇ, ಕಣ್ಣು ಹಾಗೇ ಇರುತ್ತದೆ, ತೆಗೆದ ಫೋಟೊ ಬೇರೆಯವರಿಗೆ ಸರಿಯಾದ ಬಣ್ಣದಲ್ಲೇ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅವನು ಕೇಳಿಸಿಕೊಂಡರೆ ತಾನೇ? ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಿಂದ ಕಾಯಿ ಆರಿಸತೊಡಗಿದ್ದ.

ನಾನು ಹಿಗ್ಗಿ ಅತ್ತೆಯ ಕಡೆ ನೋಡಿದರೆ ಅವರ ಮುಖ ಬಾಡಿತ್ತು.

"ಇನ್ನ ಇವಂಗ ನನ್ನ ಗರಜ ಇಲ್ಲ ಬಿಡವಾ," ಎಂದರು ಮೆಲ್ಲಗೆ.

ಅತ್ತೆಗೆ ತವರಿಗಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿದೆನಲ್ಲ ಎನಿಸಿತು. ನಿನ್ನ ಜಾಣತನಕ್ಕೆ ಬೆಂಕಿ ಹಾಕಲಿ ಸುರೇಖಾ ಎಂದು ನನ್ನನ್ನೇ ಬೈದುಕೊಂಡೆ.

ಅಷ್ಟರಲ್ಲಿ ಮಾವ ರಾಶಿ ಬಿಟ್ಟು ಬಂದ. ಎರಡು ಕಾಯಿಗಳನ್ನು ಅಕ್ಕನ ಮುಂದೆ ನೆಲದ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತ.

"ಎರಡೂ ಬ್ಯಾರೆ ಅನ್ನೂದು ಗೊತ್ತಾತು ಅಕ್ಕಾ. ಆದ್ರ ಹಸರು ಯಾವುದು? ಈ ಫೋನು ಹೆಸರು ಹೇಳಂಗಿಲ್ಲ."

ನಾನು ಹೇಳಲು ಬಾಯಿ ತೆರೆದೆ. ನೀಲವ್ವ ನನ್ನ ತೋಳು ಚಿವುಟಿದಳು, ಅದೂ ಜೋರಾಗಿ.

ಅತ್ತೆ ಬೆರಳು ಚಾಚಿದರು. ಬೆರಳು ಇತ್ತ ಹೋಯಿತು, ಅತ್ತ ಹೋಯಿತು, ಎರಡು ಕಾಯಿಗಳ ನಡುವೆ ನಿಲ್ಲದೆ ಅಲ್ಲಾಡಿತು. ಮಾವ ಕಾದ. ಆಮೇಲೆ ಅಕ್ಕನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ನಡುಕ ಅವನ ಕೈಗೂ ಬಂತು. ಇಬ್ಬರ ಕೈಯೂ ಸೇರಿ ಒಂದು ಕಾಯಿಯ ಮೇಲೆ ಇಳಿಯಿತು.

"ಇದು ಹಸರು," ಎಂದರು ಅತ್ತೆ.

"ಹೂಂ," ಎಂದ ಮಾವ. ಕೈ ಬಿಡಲಿಲ್ಲ. "ಪಂಚಮಿ ಮುಗಿಯೂತನಕ ಇಲ್ಲೇ ಇರು."

ಸಂಜೆಯ ಬಸ್ಸಿಗೆ ನಾನು ಒಬ್ಬಳೇ ಹೊರಟೆ.