ಹನ್ನೊಂದನೇ ಒಪ್ಪಂದದ ಆರನೇ ಕಲಂ

ಹಗರಿಬೊಮ್ಮನಹಳ್ಳಿಯ ನಮ್ಮ ಕಾಲೇಜಿನ ಕಪಾಟಿನಲ್ಲಿ ಆಗಲೇ ಹತ್ತು ಒಪ್ಪಂದಗಳು ಸುಖವಾಗಿ ಮಲಗಿದ್ದವು. ಸಹಿ ಬಿದ್ದ ದಿನ ಒಂದು ಶಾಲು, ಒಂದು ಫೋಟೊ, ಆಮೇಲೆ ನಿದ್ದೆ. ಕಾಲೇಜಿಗೆ ಗ್ರೇಡ್ ಕೊಡಲು ನ್ಯಾಕ್ ತಂಡ ಬರುವ ತಿಂಗಳಲ್ಲಿ ಮಾತ್ರ ಅವುಗಳ ಧೂಳು ಕೊಡವುತ್ತಿದ್ದೆವು.

ನಾನು ಸುಕನ್ಯಾ, ವಾಣಿಜ್ಯ ವಿಭಾಗದ ಅಧ್ಯಾಪಕಿ. ಈ ಕಪಾಟಿನ ಉಸ್ತುವಾರಿಯೂ ನನ್ನದೇ. ನಮ್ಮ ಪ್ರಾಂಶುಪಾಲರು ಗುರುಬಸವರಾಜ ಸರ್ ಒಂದು ದಿನ ಕರೆದು, "ಮೇಡಂ, ಮಹಿಳಾ ಸಂಘದ ಜೋಡಿ ಒಂದೂ ಒಪ್ಪಂದ ಇಲ್ಲಲ್ರಿ. ಜಲ್ದಿ ಒಂದು ಮಾಡ್ರಿ" ಅಂದರು. ನಾನು ಜಲ್ದಿಯಾಗಿಯೇ ಮಾಡಿದೆ. ಕರಾವಳಿಯ ಕಾಲೇಜೊಂದರಲ್ಲಿರುವ ಗೆಳತಿಯಿಂದ ಅವರ ಒಪ್ಪಂದ ತರಿಸಿಕೊಂಡು, ಮೀನುಗಾರ ಮಹಿಳೆಯರ ಸಂಘ ಎಂದಿದ್ದಲ್ಲಿ ಹೊಲಿಗೆ ಮಹಿಳೆಯರ ಸಂಘ ಎಂದು ಬರೆದು, ಓದದೆ ಪ್ರಿಂಟ್ ತೆಗೆದೆ.

ಸಂಘದ ಅಧ್ಯಕ್ಷೆ ಹಮೀದಾ ಬೀ ಮಾತ್ರ ಓದಿಸಿದರು. ಸಹಿ ಹಾಕಲು ಬಂದವರು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು, ಸಂಘದ ಕಾರ್ಯದರ್ಶಿಯಾದ ಮಗಳು ನಿಶಾತಳಿಗೆ "ಓದವಾ, ಗಟ್ಟಿಗೆ ಓದು" ಅಂದರು. ಉದ್ದೇಶ, ಹೊಣೆಗಾರಿಕೆ, ಅವಧಿ, ಗೋಪ್ಯತೆ, ನಿರ್ಗಮನ. ಆಕೆ ಒಂದೊಂದೇ ಕಲಂ ಓದುತ್ತಿದ್ದರೆ ಸರ್ ಗಡಿಯಾರ ನೋಡುತ್ತಿದ್ದರು, ಫೋಟೊದವನು ಆಕಳಿಸುತ್ತಿದ್ದ.

"ಮೇಡಂರ, ಒಂದು ನಿಮಿಷ," ಅಂದರು ಹಮೀದಾ ಬೀ. "ನಮ್ಮ ಸಂಘದ ದೋಣಿ ಕಾಲೇಜು ಹುಡುಗರಿಗೆ ಕೊಡಬೇಕು ಅಂತ ಐತಿ. ನಮ್ಮತ್ರ ಇಪ್ಪತ್ತು ಹೊಲಿಗಿ ಮಷಿನ್ ಅದಾವ. ದೋಣಿ ಎಲ್ಲಿಂದ ತರೂಣು?"

ನೆಲ ಬಾಯಿಬಿಡಬಾರದೇ ಅನ್ನಿಸಿತು. ದೋಣಿಯನ್ನು ಹೊಡೆದು ಹಾಕಿ, ಎರಡೂ ಪ್ರತಿಗಳಲ್ಲಿ ತಿದ್ದಿದ ಜಾಗದ ಪಕ್ಕ ಇಬ್ಬರ ಚಿಕ್ಕ ಸಹಿ ಹಾಕಿಸಿದೆ. ದೋಣಿ ಹೋಯಿತು, ಆದರೆ ಅದರ ಮೇಲಿನ ಸಾಲು ಉಳಿಯಿತು. ಮೊದಲನೇ ಪಕ್ಷವಾದ ಕಾಲೇಜು, ಎರಡನೇ ಪಕ್ಷವಾದ ಸಂಘದ ಇಪ್ಪತ್ತು ಸದಸ್ಯೆಯರಿಗೆ ತನ್ನ ಲ್ಯಾಬಿನಲ್ಲಿ ಮೂವತ್ತು ಗಂಟೆ ಕಂಪ್ಯೂಟರ್ ತರಬೇತಿ ಕೊಡತಕ್ಕದ್ದು, ಒಂದು ವಾರದೊಳಗೆ ಶುರು ಮಾಡತಕ್ಕದ್ದು. ಸರ್ ಅದನ್ನು ಕೇಳಿಸಿಕೊಳ್ಳದೆಯೇ ಸಹಿ ಹಾಕಿದರು. ಕೇಳಿಸಿಕೊಂಡ ಹಮೀದಾ ಬೀ ಕಣ್ಣಲ್ಲಿ ನೀರು ತಂದುಕೊಂಡು ಸಹಿ ಹಾಕಿದರು.

ಆ ನೀರಿಗೆ ಕಾರಣವಿತ್ತು. ಸರ್ಕಾರಿ ಹಾಸ್ಟೆಲುಗಳ ಸಮವಸ್ತ್ರ ಹೊಲಿಯುವ ಟೆಂಡರನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಹೋದ ವರ್ಷ ಸೈಬರ್ ಅಂಗಡಿಯವನು ಒಂದು ದಾಖಲೆ ಬಿಟ್ಟು ಹಾಕಿದ್ದಕ್ಕೆ ಅರ್ಜಿ ತಿರಸ್ಕಾರವಾಗಿ, ಇಪ್ಪತ್ತು ಮಷಿನ್ನುಗಳು ಆರು ತಿಂಗಳು ಸುಮ್ಮನಿದ್ದವು. ಈ ಸಲ ಕಡೆಯ ದಿನ ಮುಂದಿನ ತಿಂಗಳ ಐದು. ಅಷ್ಟರೊಳಗೆ ತಾವೇ ಕಲಿತು ತಾವೇ ಹಾಕಬೇಕೆಂಬುದು ಅವರ ಹಟ.

ಸಹಿಯಾದ ನಾಲ್ಕನೇ ದಿನ, ಆರನೇ ತಾರೀಖು, ಇಪ್ಪತ್ತು ಜನ ಬಂದರು. ಲ್ಯಾಬಿಗೆ ಬೀಗ. "ನ್ಯಾಕ್ ಮುಗೀಲಿ, ಈಗಷ್ಟೇ ಬಣ್ಣ ಹೊಡಿಸೀವಿ" ಅಂದರು ಸರ್. ಎಂಟಕ್ಕೆ ಮತ್ತೆ ಬಂದರು, ಮತ್ತೆ ಬೀಗ. ಬಾಗಿಲ ಬಳಿ ಕೆಂಚಕ್ಕ ಅನ್ನುವಾಕೆ, "ಬಣ್ಣ ಚೊಲೋ ಐತ್ರಿ ಮೇಡಂರ, ಒಳಗೂ ಹಿಂಗ ಐತೇನು?" ಎಂದು ಕೇಳಿದಳು.

ಹತ್ತಕ್ಕೆ ಹಮೀದಾ ಬೀ, ನಿಶಾತ ಇಬ್ಬರೇ ಬಂದರು. ಸರ್ ಅವರ ಮೇಜಿನ ಮೇಲೆ ಹಮೀದಾ ಬೀ ಒಂದೇ ಪತ್ರದ ಎರಡು ಪ್ರತಿ ಇಟ್ಟರು. "ಕಲಂ ಏಳರ ಪ್ರಕಾರ ಮೂವತ್ತು ದಿನದ ಲಿಖಿತ ನೋಟಿಸ್‌ರಿ. ಸಂಘ ಒಪ್ಪಂದದಿಂದ ಹೊರಗ ಹೋಗ್ತೈತಿ. ಒಂದು ನಿಮಗ. ಇನ್ನೊಂದಕ್ಕ ಇನ್‌ವರ್ಡ್ ನಂಬರ್ ಹಾಕಿ ಸೀಲ್ ಒತ್ತಿ ಕೊಡ್ರಿ."

ಸರ್ ನಕ್ಕರು. "ಏನ್ರೀ ಹಮೀದಮ್ಮ, ಇಷ್ಟಕ್ಕೆಲ್ಲ ನೋಟಿಸ್ ಏನು? ಇದು ತಿಳಿವಳಿಕಿ ಒಪ್ಪಂದ. ಕೋರ್ಟಿನಾಗ ಇದಕ್ಕ ಬಲ ಇಲ್ಲಂತ ಇದರಾಗ ಬರದೈತಿ."

"ಓದೀವ್ರಿ. ಕಲಂ ಎಂಟು," ಅಂದಳು ನಿಶಾತ.

"ನಾನೇನು ಕೋರ್ಟಿಗೆ ಹೋಗಂಗಿಲ್ಲ ಸರ್ರ," ಅಂದರು ಹಮೀದಾ ಬೀ. "ಇಪ್ಪತ್ತೆಂಟಕ್ಕ ದೊಡ್ಡ ತಂಡ ಬರ್ತೈತಂತಲ್ಲ. ಒಪ್ಪಂದದಾಗ ಏನೇನು ನಡೀತು ಅಂತ ಫೈಲ್ ತಗಸಿ ಕೇಳ್ತಾರಂತ. ಫೈಲಿನಾಗ ಈ ಕಾಗದನೂ ಇರಲಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಸರ್‌ಗೆ. ಉಗುಳುವಂತಿಲ್ಲ, ನುಂಗುವಂತಿಲ್ಲ. ಒಪ್ಪಂದದ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ಜೀವ ಬಂದವರಂತೆ, "ಕಲಂ ಆರು, ಗೋಪ್ಯತೆ! ಒಬ್ಬರಿಂದ ಒಬ್ಬರಿಗೆ ತಿಳಿದ ವಿಷಯ ಹೊರಗಿನವರಿಗೆ ಹೇಳಂಗಿಲ್ಲ. ತಂಡದವರು ಹೊರಗಿನವರು. ಬೀಗದ ಸುದ್ದಿ ನೀವು ಎತ್ತಂಗಿಲ್ಲ" ಅಂದರು.

ಹಮೀದಾ ಬೀ ಸೆರಗು ಸರಿ ಮಾಡಿಕೊಂಡರು. "ನೀವು ಕಲಿಸಿದ್ದು ಏನರ ಇದ್ದರ ಮುಚ್ಚಿಡ್ತಿದ್ವಿ ಸರ್ರ. ಏನೂ ಕೊಡಲಾರದಾಗ ಮುಚ್ಚಿಡೋದು ಏನನ್ನ? ಬೀಗ ಅಂತೂ ದಾರ್ಯಾಗ ಹೋಗೋರಿಗೂ ಕಾಣ್ತೈತಿ."

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸರ್ ನನ್ನ ಕಡೆ ನೋಡಿದರು. "ಇದನ್ನೆಲ್ಲ ಬರದೋರು ಯಾರ್ರಿ ಮೇಡಂ?"

"ಸಮುದ್ರದ ಕಡೆಯೋರು ಸರ್," ಅಂದೆ.

ಸರ್ ಡ್ರಾಯರ್ ಎಳೆದು ಲ್ಯಾಬಿನ ಕೀಲಿ ಮೇಜಿನ ಮೇಲಿಟ್ಟರು. "ನಾಳೆಯಿಂದ ದಿನಾ ಎರಡು ತಾಸು. ಸುಕನ್ಯಾ ಮೇಡಂ ಕಲಿಸ್ತಾರ." ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಹಮೀದಾ ಬೀ ಕೀಲಿ ತೆಗೆದುಕೊಂಡರು, ನೋಟಿಸನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. "ಅದಕ್ಕ ಮೂವತ್ತು ದಿನ ಟೈಮ್ ಐತಲ್ರಿ. ಇರಲಿ. ಹೊಲಿಗಿ ಮುಗಿಯೋತನಕ ನಾವು ಬಟ್ಟಿಗೆ ಚುಚ್ಚಿದ ಗುಂಡುಪಿನ್ ತಗಿಯಂಗಿಲ್ಲ."

ಆ ಹದಿನೈದು ದಿನ ನಾನು ಜೀವನದಲ್ಲೇ ಕಂಡಿರದ ವಿದ್ಯಾರ್ಥಿಗಳನ್ನು ಕಂಡೆ. ಯಾರೂ ತಡವಾಗಿ ಬರಲಿಲ್ಲ. ಕೆಂಚಕ್ಕ ಮೌಸನ್ನು ಮೊದಲ ದಿನ ಇಸ್ತ್ರಿ ಪೆಟ್ಟಿಗೆಯಂತೆ ಒತ್ತಿದಳು, ಐದನೇ ದಿನಕ್ಕೆ ನನಗಿಂತ ಚುರುಕಾದಳು. ಲಾಗಿನ್, ದಾಖಲೆ ಸ್ಕ್ಯಾನ್, ದರಪಟ್ಟಿ, ಡಿಜಿಟಲ್ ಸಹಿ, ಎಲ್ಲವನ್ನೂ ಅಭ್ಯಾಸದ ಸುಳ್ಳು ಅರ್ಜಿಗಳ ಮೇಲೆ ಹತ್ತು ಹತ್ತು ಸಲ ಮಾಡಿಸಿದೆ.

ಇಪ್ಪತ್ತೆಂಟಕ್ಕೆ ತಂಡ ಬಂತು. ಲ್ಯಾಬಿನಲ್ಲಿ ಇಪ್ಪತ್ತು ಜನ ಕೂತು ಟೈಪ್ ಮಾಡುವುದನ್ನು ಕಂಡು ತಂಡದ ಅಧ್ಯಕ್ಷರು ಹಾಜರಾತಿ ಪುಸ್ತಕ ತರಿಸಿ ನೋಡಿ, ಫೋಟೊ ತೆಗೆಸಿಕೊಂಡರು. "ಇದು ನನ್ನ ಬಹಳ ದಿನದ ಕನಸು ಸರ್," ಅಂದರು ನಮ್ಮ ಪ್ರಾಂಶುಪಾಲರು. ಹಮೀದಾ ಬೀ ನನ್ನ ಕಡೆ ನೋಡಿ ಒಂದು ಹುಬ್ಬು ಮಾತ್ರ ಏರಿಸಿದರು. ಫೈಲಿನಲ್ಲಿದ್ದ ನೋಟಿಸಿನ ಬಗ್ಗೆ ಅಧ್ಯಕ್ಷರು ಕೇಳಿದಾಗ ಹಮೀದಾ ಬೀ, "ಆವಾಗ ಬೀಗ ಇತ್ತು, ಈಗ ತಗದಾರ" ಎಂದಷ್ಟೇ ಹೇಳಿದರು.

ಮೂರನೇ ತಾರೀಖು ನಮ್ಮ ಲ್ಯಾಬಿನಲ್ಲೇ ಕೂತು ನಿಶಾತ ನಿಜವಾದ ಟೆಂಡರ್ ಹಾಕಿದಳು. ದರ ತುಂಬುವಾಗ ಲೆಕ್ಕ ಸರಿಯಿದೆಯೇ ನೋಡಿರೆಂದು ನನಗೂ ತೋರಿಸಿದರು. ಅರ್ಜಿ ಸ್ವೀಕೃತವಾಗಿದೆ ಎಂಬ ಸಾಲು ತೆರೆಯ ಮೇಲೆ ಬಂದಾಗ ಹಮೀದಾ ಬೀ ನನ್ನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ನಾನು ಓದದೆ ಬರೆದದ್ದನ್ನು ಇವರು ಓದಿ ನಿಜ ಮಾಡಿದ್ದರು. ಹೋಗುವಾಗ ನೋಟಿಸ್ ವಾಪಸ್ ಪಡೆಯುವ ಪತ್ರ ಕೊಟ್ಟು, ಅದಕ್ಕೂ ಇನ್‌ವರ್ಡ್ ನಂಬರ್ ಹಾಕಿಸಿಕೊಂಡರು.

ಮರುದಿನ ಸರ್ ಕರೆದು ಚಹಾ ತರಿಸಿದರು. ನನಗೆ ಆಗಲೇ ಅನುಮಾನ. "ಅಲ್ಲ ಮೇಡಂ, ಕೊಟ್ಟೂರಿನಾಗ ನಮ್ಮ ಮಾವನ ಮಗಂದು ರೆಡಿಮೇಡ್ ಅಂಗಡಿ ಐತಿ. ಅವನೂ ಅದೇ ಟೆಂಡರ್ ಹಾಕ್ತಾನ, ನಾಳೆ ಕಡೀ ದಿನ. ಹಮೀದಮ್ಮ ಒಂದು ಜೊತಿಗೆ ಎಷ್ಟು ದರ ಹಾಕ್ಯಾರ?"

ನನ್ನ ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. ಆದರೂ ಚಹಾದ ಲೋಟ ಕೆಳಗಿಟ್ಟೆ.

"ಕಲಂ ಆರು, ಸರ್," ಅಂದೆ.