ಗಾಮಾ ಸಾಲಿನ ಖಾಲಿ ಚೌಕ

ಭೌತಶಾಸ್ತ್ರದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಕೋಷ್ಟಕ ಮೇಷ್ಟ್ರು. ಯಾವ ಪಾಠವನ್ನಾದರೂ ಗೆರೆ ಎಳೆದು ಚೌಕಗಳಲ್ಲಿ ಕೂಡಿಹಾಕದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಮೊದಲು ಬಾಯಿಪಾಠ, ಅರ್ಥ ಆಮೇಲೆ ಎನ್ನುತ್ತಿದ್ದರು. ಆ ‘ಆಮೇಲೆ’ ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಅವರ ಹೆಮ್ಮೆಯ ಹಾಳೆ ವಿದ್ಯುತ್ಕಾಂತೀಯ ರೋಹಿತದ್ದು. ಉದ್ದ ತರಂಗದಿಂದ ಗಿಡ್ಡ ತರಂಗಕ್ಕೆ ಏಳು ಸಾಲು: ರೇಡಿಯೊ, ಮೈಕ್ರೋವೇವ್, ಅತಿಗೆಂಪು, ಬೆಳಕು, ಅತಿನೇರಳೆ, ಎಕ್ಸ್ ಕಿರಣ, ಗಾಮಾ. ಪಕ್ಕದಲ್ಲಿ ಉಪಯೋಗ, ಅದರ ಪಕ್ಕದಲ್ಲಿ ಅಪಾಯ. ಈ ವರ್ಷ ಅಪಾಯದ ಕಾಲಂ ಮಾಸಿತ್ತು. ಬೇರೆ ಕಾಗದದ ಪಟ್ಟಿಯಲ್ಲಿ ಬರೆದು ಅಂಟಿಸಿದರು. ದಿನಬಳಕೆಯ ರೇಡಿಯೊ ಅಲೆಗಳಿಂದ ಅಪಾಯ ತಿಳಿದುಬಂದಿಲ್ಲವೆಂದು ಮೇಲಿನ ಚೌಕ ಖಾಲಿ ಬಿಟ್ಟಿದ್ದರು. ಅಂಟಿಸುವಾಗ ಅದೇ ಖಾಲಿ ಚೌಕವನ್ನು ವ್ಯರ್ಥ ಕಾಗದವೆಂದು ಕತ್ತರಿಸಿ ಎಸೆದರು. ಅಪಾಯಗಳೆಲ್ಲ ಒಂದೊಂದು ಸಾಲು ಮೇಲೇರಿದವು. ಕೆಳಗೆ ಗಾಮಾದ ಎದುರು ಜಾಗ ಉಳಿಯಿತು. ಖಾಲಿ ಚೌಕ ಕಂಡರೆ ಅವರಿಗೆ ಮೈಯುರಿ. ‘ಅಪಾಯವಿಲ್ಲ’ ಎಂದು ತುಂಬಿ ನಲವತ್ತು ಜೆರಾಕ್ಸ್ ಮಾಡಿಸಿದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತೊಂಬತ್ತು ಮಕ್ಕಳು ಕಣ್ಣುಮುಚ್ಚಿ ಬರೆದರು: ರೇಡಿಯೊ ಅಲೆ ದೇಹವನ್ನು ಒಳಗಿನಿಂದ ಬಿಸಿಮಾಡುತ್ತದೆ, ಬೆಳಕು ಚರ್ಮದ ಕ್ಯಾನ್ಸರ್ ತರುತ್ತದೆ, ಗಾಮಾದಿಂದ ಅಪಾಯವಿಲ್ಲ. ಒಬ್ಬ ಹುಡುಗಿ ಮಾತ್ರ, ಗಾಮಾ ದೇಹವನ್ನು ಹಾದುಹೋಗಿ ಜೀವಕೋಶಗಳನ್ನು ಹಾಳುಮಾಡುತ್ತದೆ, ಅದಕ್ಕೇ ಅಳೆದು ಗುರಿಯಿಟ್ಟು ಕ್ಯಾನ್ಸರ್ ಕೋಶ ಕೊಲ್ಲಲು ಬಳಸುತ್ತಾರೆ ಎಂದು ಬರೆದಿದ್ದಳು. ಮೇಷ್ಟ್ರು ಏಳಕ್ಕೆ ಸೊನ್ನೆ ಕೊಟ್ಟು, ‘ಸ್ವಂತ ಬುದ್ಧಿ ಬೇಡ’ ಎಂದು ಕೆಂಪಕ್ಷರದಲ್ಲಿ ಬರೆದರು.

ಮರುದಿನ ಹುಡುಗಿಯ ತಾಯಿ ಬಂದರು. ಆಸ್ಪತ್ರೆಯ ವಿಕಿರಣ ಚಿಕಿತ್ಸೆ ವಿಭಾಗದಲ್ಲಿ ಅವರ ಕೆಲಸ. ಶಿಕ್ಷಕರ ಕೋಣೆಯ ಮೇಜಿನ ಮೇಲೆ ಜೆರಾಕ್ಸ್ ಹಾಳೆ ಹರಡಿದರು.

“ಗಾಮಾದಿಂದ ಅಪಾಯ ಇಲ್ಲ ಅಂತ ಬರ್ದಿದ್ದೀರಿ ಮೇಷ್ಟ್ರೇ. ಮತ್ತೆ ನಮ್ಮ ಚಿಕಿತ್ಸೆ ಕೋಣೆಗೆ ಮಾರುದ್ದ ದಪ್ಪದ ಗೋಡೆ ಯಾಕೆ ಕಟ್ಟಿದ್ದಾರೆ?”

ಮೇಷ್ಟ್ರು ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದರು. ಕತ್ತರಿ ನೆನಪಾಯಿತು. ದೊಡ್ಡ ಪರೀಕ್ಷೆಗೆ ನಾಲ್ಕೇ ದಿನ. ತಪ್ಪು ಒಪ್ಪಿದರೆ ಇಪ್ಪತ್ತೆಂಟು ವರ್ಷದ ಹೆಸರು ಮಣ್ಣುಪಾಲು, ಒಪ್ಪದಿದ್ದರೆ ಮಕ್ಕಳ ಅಂಕ ಮಣ್ಣುಪಾಲು. ಅವರು ಮೊದಲು ಹೆಸರನ್ನು ಉಳಿಸಿಕೊಳ್ಳಲು ಹೊರಟರು.

ತರಗತಿಗೆ ಬಂದು ಅಪಾಯದ ಕಾಲಂ ಒಂದು ಸಾಲು ಕೆಳಗಿಳಿಸಿ ಬರೆದುಕೊಳ್ಳಿ ಎಂದರು. ತಾವು ಬೇಕೆಂದೇ ತಪ್ಪು ಮಾಡಿದ್ದು, ಯಾರು ಯೋಚಿಸುತ್ತಾರೆಂದು ನೋಡಲು, ಎಂದೂ ಸೇರಿಸಿದರು. ಮಾತು ತಮಗೇ ಬಹಳ ಹಿಡಿಸಿತು.

ಹುಡುಗಿ ಎದ್ದು ನಿಂತಳು. “ಹಾಗಾದ್ರೆ ಯೋಚ್ನೆ ಮಾಡಿದ್ದಕ್ಕೆ ನಂಗೆ ಸೊನ್ನೆ ಯಾಕೆ ಕೊಟ್ರಿ ಸರ್?”

ಉಳಿದ ಮೂವತ್ತೊಂಬತ್ತು ಮಕ್ಕಳು ಪ್ರಶ್ನೆಯನ್ನು ಅಚ್ಚುಕಟ್ಟಾಗಿ ನೋಟ್ಸಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಉತ್ತರಕ್ಕೊಂದು ಚೌಕ ಎಳೆದು, ಪೆನ್ನು ಹಿಡಿದು ಕಾಯುತ್ತಿದ್ದರು.